ರಕ್ತ ಬದಲಾಯಿಸ್ತಾರಾ, ಅಮ್ಮಾ?

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮ ಯುವಜನರ ಗುಂಪುಗಳಲ್ಲಿ ಈಗ ಒಂದು ಅಭ್ಯಾಸ ಗಟ್ಟಿಯಾಗಿದೆ. ಪ್ರಕಟಣೆ ಇಂಗ್ಲಿಷಿನಲ್ಲಿ ಬರುತ್ತದೆ. ಯಾರೋ ಒಬ್ಬರು ಅದನ್ನು ಮೊಬೈಲಿನ ಅನುವಾದಕ್ಕೆ ಹಾಕುತ್ತಾರೆ, ಕನ್ನಡ ಹೊರಗೆ ಬೀಳುತ್ತದೆ, ಇನ್ನೊಬ್ಬರು ‘ಸ್ವಲ್ಪ ಸರಿಮಾಡಿ’ ಗುಂಪಿಗೆ ಕಳಿಸುತ್ತಾರೆ. ಸರಿಮಾಡುವುದು ಎಂದರೆ ಹೆಚ್ಚಿನ ಸಲ ಒಂದೆರಡು ಕಾಗುಣಿತ ತಿದ್ದುವುದು, ಎಲ್ಲೋ ಒಂದು ಕಡೆ ‘ಸೂಚನೆ’ ತೆಗೆದು ‘ಮಾಹಿತಿ’ ಎಂದು ಹಾಕುವುದು, ಇಷ್ಟೇ. ಇದು ಸಾಲದು ಎಂಬುದು ನಮ್ಮ ಅಭಿಪ್ರಾಯ. ಏಕೆ ಸಾಲದು ಎಂದು ಹೇಳಲು ಒಂದೇ ಒಂದು ಪ್ಯಾರಾ ತೆಗೆದುಕೊಳ್ಳುತ್ತೇವೆ, ರಕ್ತದಾನ ಶಿಬಿರದ್ದು. ಓದಿ:

“ಮುಂಬರುವ ಭಾನುವಾರದಂದು ಪೂಜೆಯ ನಂತರ ನಮ್ಮ ಯುವ ಗುಂಪಿನಿಂದ ಆಯೋಜಿಸಲ್ಪಟ್ಟ ರಕ್ತದಾನ ಶಿಬಿರಕ್ಕೆ ನಿಮ್ಮನ್ನು ಆಹ್ವಾನಿಸಲು ನಾವು ಸಂತೋಷಪಡುತ್ತೇವೆ. 18 ಮತ್ತು 65 ವರ್ಷಗಳ ನಡುವಿನ ಮತ್ತು ಕನಿಷ್ಠ 45 ಕಿಲೋಗ್ರಾಂ ತೂಕವನ್ನು ಹೊಂದಿರುವ ಯಾವುದೇ ಆರೋಗ್ಯವಂತ ವ್ಯಕ್ತಿಯು ತನ್ನ ರಕ್ತವನ್ನು ದಾನ ಮಾಡಬಹುದು. ನೀವು ಲಘು ಆಹಾರವನ್ನು ಸೇವಿಸದ ಹೊರತು ನೀವು ರಕ್ತದಾನ ಮಾಡಬಾರದು ಎಂಬುದನ್ನು ದಯವಿಟ್ಟು ಗಮನಿಸಿ. 350 ಮಿಲಿಲೀಟರ್ ರಕ್ತವನ್ನು ತೆಗೆದುಕೊಳ್ಳಲಾಗುತ್ತದೆ, ಅದು ದೇಹದಿಂದ ಬದಲಾಯಿಸಲ್ಪಡುತ್ತದೆ. ಪುರುಷರು ಮೂರು ತಿಂಗಳಿಗಿಂತ ಮತ್ತು ಮಹಿಳೆಯರು ನಾಲ್ಕು ತಿಂಗಳಿಗಿಂತ ಕಡಿಮೆ ಅವಧಿಯ ಹಿಂದೆ ದಾನ ಮಾಡಿದ್ದರೆ ಅವರು ಮತ್ತೆ ದಾನ ಮಾಡಲು ಸಾಧ್ಯವಾಗುವುದಿಲ್ಲ. ದಾನದ ನಂತರ ನಿಮ್ಮನ್ನು ಕನಿಷ್ಠ ಹದಿನೈದು ನಿಮಿಷಗಳ ಕಾಲ ವಿಶ್ರಾಂತಿ ಪಡೆಯಲು ಕೇಳಲಾಗುತ್ತದೆ ಮತ್ತು ಲಘು ಉಪಾಹಾರವನ್ನು ಒದಗಿಸಲಾಗುತ್ತದೆ. ನೀವು ತಲೆತಿರುಗುವಿಕೆಯನ್ನು ಅನುಭವಿಸಿದರೆ, ಹಾಜರಿರುವ ನರ್ಸ್‌ಗೆ ತಿಳಿಸಲು ಹಿಂಜರಿಯಬೇಡಿ.”

ಇದರಲ್ಲಿ ಕಾಗುಣಿತ ತಪ್ಪು ಒಂದೂ ಇಲ್ಲ. ವ್ಯಾಕರಣದ ತಪ್ಪು ಕೂಡ ಹುಡುಕಿದರೂ ಸಿಗುವುದಿಲ್ಲ. ಅದೇ ತೊಂದರೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ತುಂಡು ತುಂಡಾಗಿ ಪದಗಳನ್ನು ಜೋಡಿಸುತ್ತಿತ್ತು, ಓದಿದ ಕೂಡಲೇ ನಗು ಬರುತ್ತಿತ್ತು, ಹಾಗಾಗಿ ಯಾರೂ ನಂಬುತ್ತಿರಲಿಲ್ಲ. 2017ರಿಂದ ಅದು ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ಹೊಸ ವಿಧಾನಕ್ಕೆ ಬಂತು. ಮಾತು ನಯವಾಯಿತು, ನಂಬಿಕೆಯೂ ಬಂತು. ಆದರೆ ನಯವಾದ ಮಾತಿನ ಒಳಗೆ ಇಂಗ್ಲಿಷಿನ ಎಲುಬು ಹಾಗೆಯೇ ಉಳಿದಿದೆ. ಇಂಥ ಯಂತ್ರಗಳು ಕಲಿಯುವುದು ಎರಡು ಭಾಷೆಗಳಲ್ಲಿ ಜೋಡಿಯಾಗಿ ಸಿಗುವ ಬರಹದಿಂದ. ಅಂಥ ಬರಹದಲ್ಲಿ ಸರ್ಕಾರಿ ಸುತ್ತೋಲೆ, ಸುದ್ದಿ, ಆಗಲೇ ಯಾರೋ ಇಂಗ್ಲಿಷಿನಿಂದ ತಂದ ಕನ್ನಡ ಹೆಚ್ಚು. ನಮ್ಮ ಮನೆಗಳಲ್ಲಿ ಆಡುವ ಮಾತು ಕಡಿಮೆ.

ಮೇಲಿನ ಪ್ಯಾರಾವನ್ನು ಜೋರಾಗಿ ಓದಿದಾಗ ಕೇಳುತ್ತಿದ್ದ ಅಜ್ಜಿಯೊಬ್ಬರು ಒಂದು ಪ್ರಶ್ನೆ ಕೇಳಿದರು: “ರಕ್ತ ಬದಲಾಯಿಸ್ತಾರಾ, ಅಮ್ಮಾ?” ಅವರು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ವಾಕ್ಯ ಹೇಳಿದ್ದೇ ಅದನ್ನು.

‘ದೇಹದಿಂದ ಬದಲಾಯಿಸಲ್ಪಡುತ್ತದೆ’ ಎಂಬುದನ್ನು ಬಿಡಿಸಿ ನೋಡೋಣ. ಇಂಗ್ಲಿಷಿನ ಮೂಲ ಹೇಳಿದ್ದು, ತೆಗೆದ ರಕ್ತವನ್ನು ದೇಹವೇ ಮತ್ತೆ ತಯಾರಿಸಿಕೊಳ್ಳುತ್ತದೆ ಎಂದು. ಇಂಗ್ಲಿಷಿನಲ್ಲಿ ‘ಬೈ’ ಬೇರೆ, ‘ಫ್ರಂ’ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಒಂದೇ. ‘ಕತ್ತಿಯಿಂದ ಕೊಯ್ದ’ ಎಂದರೆ ಕತ್ತಿ ಸಾಧನ, ‘ಮರದಿಂದ ಕೊಯ್ದ’ ಎಂದರೆ ಮರ ಹೊರಟ ಜಾಗ. ನಾವು ಗೊಂದಲವಾಗದೆ ಅರ್ಥ ಮಾಡಿಕೊಳ್ಳುವುದು ಸಂದರ್ಭ ನೋಡಿ. ರಕ್ತ ತೆಗೆಯುವ ಮಾತು ನಡೆಯುತ್ತಿರುವಾಗ ‘ದೇಹದಿಂದ’ ಎಂದರೆ ಯಾರ ಕಿವಿಗೂ ‘ದೇಹದ ಒಳಗಿನಿಂದ’ ಎಂದೇ ಬೀಳುತ್ತದೆ. ಅದರ ಜತೆಗೆ ‘ಬದಲಾಯಿಸು’ ಸೇರಿದರೆ, ಇವರ ರಕ್ತ ತೆಗೆದು ಬೇರೆ ರಕ್ತ ಹಾಕುತ್ತಾರೆ ಎಂದು ತಿಳಿದುಕೊಳ್ಳುವುದು ಸಹಜ. ರಕ್ತ ಕೊಡಲು ಮೊದಲೇ ಹೆದರುವ ಮನೆಗಳಲ್ಲಿ ಈ ಒಂದು ಮಾತು ಸಾಕು, ಮಗನನ್ನು ಕಳಿಸದೆ ಇರುವುದಕ್ಕೆ.

ಇಲ್ಲಿ ‘ಬದಲಾಯಿಸಲ್ಪಡುತ್ತದೆ’ ತೆಗೆದು ‘ಮರುಸ್ಥಾಪಿಸಲ್ಪಡುತ್ತದೆ’ ಎಂದು ಹಾಕಿದರೆ ಏನೂ ಬದಲಾಗುವುದಿಲ್ಲ. ಪದ ದೊಡ್ಡದಾಯಿತು, ಎಲುಬು ಅದೇ. ಮಾಡಬೇಕಾದ್ದು, ಮಾಡುವವರನ್ನು ವಾಕ್ಯದ ಮುಂದೆ ತಂದು ನಿಲ್ಲಿಸುವುದು: ‘ಅಷ್ಟನ್ನೂ ದೇಹ ಮತ್ತೆ ತಾನೇ ತುಂಬಿಕೊಳ್ಳುತ್ತದೆ.’ ‘ಇಂದ’ ಹೋಯಿತು, ‘ಲ್ಪಡು’ ಹೋಯಿತು, ಭಯವೂ ಹೋಯಿತು. ‘ತುಂಬಿಕೊಳ್ಳುತ್ತದೆ’ ಎನ್ನುವಲ್ಲಿ ಆ ‘ಕೊಳ್ಳು’ ಇದೆಯಲ್ಲ, ತನಗಾಗಿ ತಾನೇ ಮಾಡಿಕೊಳ್ಳುವುದು ಎಂಬ ಅರ್ಥವನ್ನು ಅದೊಂದೇ ಹೊತ್ತು ತರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ನೇರವಾದ ಜೋಡಿ ಇಲ್ಲ, ಹಾಗಾಗಿ ಇಂಗ್ಲಿಷನ್ನೇ ಹಿಡಿದು ನಡೆಯುವ ಅನುವಾದದಲ್ಲಿ ಅದು ಬರುವುದು ಅಪರೂಪ. ತಿದ್ದಿದ ಪ್ಯಾರಾದಲ್ಲಿ ಒಂದು ‘ಕೊಳ್ಳು’ ಕೂಡ ಕಾಣದಿದ್ದರೆ ಇನ್ನೊಮ್ಮೆ ನೋಡಿ ಎಂದು ನಾವು ನಮ್ಮವರಿಗೆ ಹೇಳುತ್ತೇವೆ.

‘ಲ್ಪಡು’ವಿನ ವಿಷಯದಲ್ಲಿ ನಮ್ಮ ಊರಿಗೆ ಒಂದು ಹೆಚ್ಚಿನ ಕಷ್ಟ ಇದೆ. ಇಲ್ಲಿ ನಾವು ಬೆಳೆದದ್ದು ತೆಲುಗು ಫಲಕಗಳ ನಡುವೆ. ‘ಚೇಯಬಡುನು’, ‘ಅಮ್ಮಬಡುನು’ ಎಂದು ಗೋಡೆಗಳ ಮೇಲೆ ಓದಿ ಓದಿ, ಬರಹ ಎಂದರೆ ಹೀಗೇ ಇರಬೇಕು ಎಂದು ಕಣ್ಣಿಗೆ ಅಭ್ಯಾಸವಾಗಿದೆ. ಅದಕ್ಕೇ ‘ಆಯೋಜಿಸಲ್ಪಟ್ಟ’ ಕಂಡಾಗ ಬೆಂಗಳೂರಿನವರಿಗಿಂತ ನಮಗೆ ಕಡಿಮೆ ಚುಚ್ಚುತ್ತದೆ. ಕಣ್ಣಿಗೆ ಚುಚ್ಚದಿದ್ದರೂ ಬಾಯಿಗೆ ಚುಚ್ಚುತ್ತದೆ, ಅದಕ್ಕಾಗಿಯೇ ಜೋರಾಗಿ ಓದಬೇಕು. ಹಾಗೆಂದು ‘ಲಾಗುತ್ತದೆ’ ಕಂಡಲ್ಲೆಲ್ಲ ಕತ್ತರಿ ಹಾಕಬೇಕೆಂದೂ ಅಲ್ಲ. ಮಾಡುವವರು ಯಾರು ಎಂಬುದು ಮುಖ್ಯವಲ್ಲದ ಕಡೆ, ‘ಗೇಟು ಒಂಬತ್ತಕ್ಕೆ ಮುಚ್ಚಲಾಗುತ್ತದೆ’ ಎಂಬಂಥ ಮಾತಿನಲ್ಲಿ, ಅದು ಒಳ್ಳೆಯ ಕನ್ನಡವೇ. ಆದರೆ ಮನೆಮಾತಿನಲ್ಲಿ ನಾವು ಅಲ್ಲಿಯೂ ‘ಮುಚ್ಚುತ್ತಾರೆ’ ಎನ್ನುತ್ತೇವೆ. ಯಾರು ಎಂದು ಯಾರೂ ಕೇಳುವುದಿಲ್ಲ.

ಎರಡನೆಯದು ‘ಹೊರತು’. ಇದು ಇನ್ನೂ ಗಂಭೀರ. ‘ಲಘು ಆಹಾರವನ್ನು ಸೇವಿಸದ ಹೊರತು ರಕ್ತದಾನ ಮಾಡಬಾರದು.’ ವ್ಯಾಕರಣ ಸರಿ, ಪುಸ್ತಕದಲ್ಲಿ ಕೂತು ಓದಿದರೆ ಅರ್ಥವೂ ಸರಿ. ಆದರೆ ಕೇಳುವವರ ಕಿವಿಗೆ ‘ಸೇವಿಸದ’ ಎಂಬ ಒಂದು ಇಲ್ಲ, ‘ಹೊರತು’ ಎಂಬ ಇನ್ನೊಂದು ಇಲ್ಲ, ‘ಬಾರದು’ ಎಂಬ ಮೂರನೆಯ ಇಲ್ಲ ಬೀಳುತ್ತದೆ. ಮೂರು ಇಲ್ಲಗಳನ್ನು ಲೆಕ್ಕ ಹಾಕುವಷ್ಟು ಹೊತ್ತು ಮೈಕು ನಿಲ್ಲುವುದಿಲ್ಲ. ಕೊನೆಗೆ ನೆನಪಿನಲ್ಲಿ ಉಳಿಯುವುದು ‘ಆಹಾರ’ ಮತ್ತು ‘ಬಾರದು’. ಶಿಬಿರ ಇರುವುದು ಭಾನುವಾರ ಪೂಜೆಯ ನಂತರ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು ಎಂಬುದು ಈಗಿನ ನಿಯಮ, ಆದರೆ ನಮ್ಮಲ್ಲಿ ಹಿರಿಯರು ಹಲವರು ಬೆಳಿಗ್ಗೆ ಎದ್ದ ಮೇಲೆ ನೀರು ಬಿಟ್ಟು ಏನನ್ನೂ ಮುಟ್ಟದೆ ಬರುತ್ತಾರೆ. ಮಕ್ಕಳಿಗೂ ಹಾಗೆಯೇ ಹೇಳುತ್ತಾರೆ. ಹಾಗೆ ಬಂದವರು ನೇರವಾಗಿ ಹೋಗಿ ಮಂಚದ ಮೇಲೆ ಮಲಗಿ ರಕ್ತ ಕೊಟ್ಟರೆ ತಲೆ ಸುತ್ತಿ ಬೀಳುವ ಸಾಧ್ಯತೆ ಹೆಚ್ಚು.

ಇದನ್ನು ಸರಿಪಡಿಸುವ ದಾರಿ, ಇಲ್ಲಗಳನ್ನು ಕಡಿಮೆ ಮಾಡಿ ಮಾಡಬೇಕಾದ್ದನ್ನು ಮೊದಲು ಹೇಳುವುದು: ‘ಪೂಜೆ ಮುಗಿದ ಮೇಲೆ ಮೊದಲು ಏನಾದರೂ ಸ್ವಲ್ಪ ತಿನ್ನಿ. ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬಾರದು.’ ‘ಪೂಜೆ ಮುಗಿದ ಮೇಲೆ ಮೊದಲು’ ಎಂಬ ಮಾತು ಮೂಲದಲ್ಲಿ ಆ ಜಾಗದಲ್ಲಿ ಇರಲಿಲ್ಲ. ಬರೆದ ವೈದ್ಯರಿಗೆ ನಮ್ಮ ಉಪವಾಸದ ಪದ್ಧತಿ ತಿಳಿದಿರಲಿಲ್ಲ, ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಇಂಥ ಕಡೆ ಸೇರಿಸುವುದು ತಪ್ಪಲ್ಲ ಎಂದು ನಾವು ವಾದಿಸುತ್ತೇವೆ. ಆದರೆ ಸೇರಿಸಿದ್ದೇವೆ ಎಂದು ಶಿಬಿರದ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು.

‘ಸಾಧ್ಯವಾಗುವುದಿಲ್ಲ’ ಎಂಬುದೂ ಇದೇ ಜಾತಿಯದು. ಇಂಗ್ಲಿಷಿನ ‘ಕೆನಾಟ್’ ಎರಡು ಕೆಲಸ ಮಾಡುತ್ತದೆ, ಆಗುವುದಿಲ್ಲ ಎಂಬುದೂ ಅದೇ, ಬಿಡುವುದಿಲ್ಲ ಎಂಬುದೂ ಅದೇ. ಕನ್ನಡದಲ್ಲಿ ಅವು ಬೇರೆ ಬೇರೆ. ಮೂರು ತಿಂಗಳ ಒಳಗೆ ಮತ್ತೆ ರಕ್ತ ಕೊಡಲು ‘ಸಾಧ್ಯವಾಗುವುದಿಲ್ಲ’ ಎಂದರೆ ಗಟ್ಟಿಮುಟ್ಟಾದ ಹುಡುಗ ‘ನನಗೆ ಆಗುತ್ತೆ ಬಿಡು’ ಎಂದು ಬರುತ್ತಾನೆ. ಅಲ್ಲಿ ಬೇಕಿದ್ದುದು ‘ಕೊಡಬಾರದು’. ಇನ್ನೂ ಸರಳವಾಗಿ ‘ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕಳೆದಿರಬೇಕು’.

ಇನ್ನು ‘ಮತ್ತು’. ಎರಡು ಹೆಸರುಗಳ ನಡುವೆ ಅದು ಇರಲಿ. ಎರಡು ಕೆಲಸಗಳ ನಡುವೆ ಬಂದರೆ ಅದು ಇಂಗ್ಲಿಷಿನ ಕೀಲು ಎಂದು ತಿಳಿಯಿರಿ. ‘ವಿಶ್ರಾಂತಿ ಪಡೆಯಲು ಕೇಳಲಾಗುತ್ತದೆ ಮತ್ತು ಉಪಾಹಾರವನ್ನು ಒದಗಿಸಲಾಗುತ್ತದೆ.’ ನಾವು ಹೀಗೆ ಮಾತಾಡುವುದಿಲ್ಲ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕನ್ನಡ ಮೊದಲ ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಕ್ಕೆ ಹೋಗುತ್ತದೆ: ಕೂತು, ತಿಂದು, ಹೊರಡಿ. ‘ಹದಿನೈದು ನಿಮಿಷವಾದರೂ ಕೂತು, ಕೊಟ್ಟ ತಿಂಡಿ ತಿಂದು ಹೊರಡಿ.’ ಹೀಗೆ ಹೇಳಿದಾಗ ಯಾವುದು ಮೊದಲು, ಯಾವುದು ನಂತರ ಎಂಬುದೂ ತಾನಾಗಿಯೇ ಸೇರಿಕೊಂಡಿತು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಗಾಡಿ ಹತ್ತುವವರಿಗೆ ಈ ವಾಕ್ಯ ಒಂದು ಮಾತು ಹೇಳುತ್ತದೆ, ಆ ವಾಕ್ಯ ಹೇಳುವುದಿಲ್ಲ.

‘ತಲೆತಿರುಗುವಿಕೆಯನ್ನು ಅನುಭವಿಸಿದರೆ’ ಎಂಬುದನ್ನು ಓದಿ ನಮ್ಮ ಗುಂಪಿನವರು ನಕ್ಕರು, ಆದರೆ ತಿದ್ದಿದಾಗ ‘ತಲೆಸುತ್ತನ್ನು ಅನುಭವಿಸಿದರೆ’ ಎಂದಷ್ಟೇ ಬದಲಾಯಿಸಿದರು. ಪದ ಬದಲಾಯಿತು, ಆದರೆ ತಲೆಸುತ್ತು ಇನ್ನೂ ನಾವು ಮಾಡುವ ಕೆಲಸವಾಗಿಯೇ ಉಳಿಯಿತು. ಕನ್ನಡದಲ್ಲಿ ಹಸಿವು, ನೋವು, ಜ್ವರ, ಭಯ, ತಲೆಸುತ್ತು ಎಲ್ಲವೂ ನಮಗೆ ಬರುತ್ತವೆ, ಆಗುತ್ತವೆ. ಅವುಗಳನ್ನು ನಾವು ಮಾಡುವುದಿಲ್ಲ. ‘ನಿಮಗೆ ತಲೆ ಸುತ್ತು ಬಂದರೆ.’ ‘ನೀವು’ ಇದ್ದದ್ದು ‘ನಿಮಗೆ’ ಆದ ಕೂಡಲೇ ವಾಕ್ಯ ತಾನೇ ದಾರಿಗೆ ಬರುತ್ತದೆ. ಮೈಗೆ, ಮನಸ್ಸಿಗೆ ಸಂಬಂಧಿಸಿದ ಮಾತು ಬಂದಲ್ಲಿ ಈ ಒಂದನ್ನು ಹುಡುಕಿದರೆ ಅರ್ಧ ಕೆಲಸ ಆಯಿತು.

ಮರ್ಯಾದೆಯ ಮಾತು ಇನ್ನೊಂದು. ‘ಸಂತೋಷಪಡುತ್ತೇವೆ’, ‘ದಯವಿಟ್ಟು ಗಮನಿಸಿ’, ‘ಹಿಂಜರಿಯಬೇಡಿ’ ಇವೆಲ್ಲ ಇಂಗ್ಲಿಷಿನವರ ನಮಸ್ಕಾರ. ನಮ್ಮ ನಮಸ್ಕಾರ ‘ಬನ್ನಿ’ ಎಂಬುದರ ಕೊನೆಯ ‘ಇ’ಯಲ್ಲೇ ಇದೆ. ‘ನರ್ಸಮ್ಮನಿಗೆ ಹೇಳಿ’ ಎಂದರೆ ಸಾಕು, ‘ತಿಳಿಸಲು ಹಿಂಜರಿಯಬೇಡಿ’ ಎಂದರೆ ಹಿಂಜರಿಯುವಂಥದ್ದೇನೋ ಇದೆ ಎಂದು ಹೊಸದಾಗಿ ನೆನಪಿಸಿದಂತೆ.

ಈಗ ಇಡೀ ಪ್ಯಾರಾ:

“ಬರುವ ಭಾನುವಾರ ಪೂಜೆಯಾದ ಮೇಲೆ ನಮ್ಮ ಯುವಜನರು ರಕ್ತದಾನ ಶಿಬಿರ ಇಟ್ಟುಕೊಂಡಿದ್ದಾರೆ. ಎಲ್ಲರೂ ಬನ್ನಿ. ರಕ್ತ ಕೊಡುವವರು ಆರೋಗ್ಯವಾಗಿರಬೇಕು. 18 ವರ್ಷ ತುಂಬಿರಬೇಕು, 65 ದಾಟಿರಬಾರದು. ತೂಕ 45 ಕಿಲೋ ಆದರೂ ಇರಬೇಕು. ಪೂಜೆ ಮುಗಿದ ಮೇಲೆ ಮೊದಲು ಏನಾದರೂ ಸ್ವಲ್ಪ ತಿನ್ನಿ. ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬಾರದು. ಒಬ್ಬರಿಂದ 350 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಅಷ್ಟನ್ನೂ ದೇಹ ಮತ್ತೆ ತಾನೇ ತುಂಬಿಕೊಳ್ಳುತ್ತದೆ. ಹಿಂದೆ ರಕ್ತ ಕೊಟ್ಟವರು, ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕಳೆದಿರಬೇಕು. ರಕ್ತ ಕೊಟ್ಟ ಮೇಲೆ ಹದಿನೈದು ನಿಮಿಷವಾದರೂ ಕೂತು, ಕೊಟ್ಟ ತಿಂಡಿ ತಿಂದು ಹೊರಡಿ. ತಲೆ ಸುತ್ತು ಬಂದರೆ ಅಲ್ಲೇ ಇರುವ ನರ್ಸಮ್ಮನಿಗೆ ಹೇಳಿ.”

ಗಮನಿಸಿ, ಅಂಕೆ ಒಂದೂ ಬದಲಾಗಿಲ್ಲ. ‘ಕನಿಷ್ಠ’ ಎಂಬುದು ‘ಆದರೂ’ ಆಗಿದೆ, ಬಿಟ್ಟುಹೋಗಿಲ್ಲ. ‘18 ಮತ್ತು 65ರ ನಡುವಿನ’ ಎಂದಿದ್ದಾಗ ಹದಿನೆಂಟು ಮೊನ್ನೆ ತಾನೇ ತುಂಬಿದವರು ಒಳಗೋ ಹೊರಗೋ ಎಂಬ ಅನುಮಾನ ಇತ್ತು, ‘ತುಂಬಿರಬೇಕು’ ಎಂಬುದರಲ್ಲಿ ಇಲ್ಲ. ನಯಗೊಳಿಸುವವರು ಎಡವುವುದು ಹೆಚ್ಚಾಗಿ ಇಂಥ ಕಡೆ. ಕಿವಿಗೆ ಹಿತವಾಗಲಿ ಎಂದು ‘ತೂಕ 45 ಕಿಲೋ ಇರಬೇಕು’ ಎಂದು ಬರೆದುಬಿಡುತ್ತಾರೆ, 60 ಕಿಲೋದವನು ನಾನು ಬರಬಹುದೇ ಎಂದು ಕೇಳುತ್ತಾನೆ. ಅದಕ್ಕೇ ಕೆಲಸದ ಕ್ರಮ ಮುಖ್ಯ. ಮೊದಲು ಯಂತ್ರದ ಕನ್ನಡವನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ಅಂಕೆ, ಇಲ್ಲ-ಬಾರದು, ಯಾರು ಯಾರಿಗೆ ಎಂಬ ಮೂರನ್ನು ಮಾತ್ರ ನೋಡಬೇಕು. ಅವು ಸರಿ ಎಂದಾದ ಮೇಲೆ ಎರಡನ್ನೂ ಮುಚ್ಚಿಟ್ಟು, ಎದುರಿಗೆ ಕೂತವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆದುಕೊಳ್ಳಬೇಕು. ಕೊನೆಗೆ ಮತ್ತೆ ಇಂಗ್ಲಿಷ್ ತೆರೆದು ಅದೇ ಮೂರನ್ನು ನೋಡಬೇಕು. ಇಂಗ್ಲಿಷ್ ಮೂಲ ಕೈಯಲ್ಲಿ ಇಲ್ಲದೆ ಯಂತ್ರದ ಕನ್ನಡವನ್ನು ಮಾತ್ರ ತಿದ್ದುವ ಕೆಲಸವನ್ನು ಒಪ್ಪಿಕೊಳ್ಳಲೇಬಾರದು. ‘ದೇಹದಿಂದ ಬದಲಾಯಿಸಲ್ಪಡುತ್ತದೆ’ ಎಂಬುದನ್ನು ಮೂಲ ನೋಡದೆ ತಿದ್ದಿದವರು ‘ದೇಹದ ರಕ್ತ ಬದಲಾಯಿಸುತ್ತಾರೆ’ ಎಂದು ಸೊಗಸಾದ ಕನ್ನಡದಲ್ಲಿ ತಪ್ಪನ್ನೇ ಬರೆದಾರು.

ಕೆಲವರು ತಿದ್ದಿದ್ದನ್ನು ಮತ್ತೆ ಯಂತ್ರಕ್ಕೆ ಹಾಕಿ ಇಂಗ್ಲಿಷಿಗೆ ತಿರುಗಿಸಿ ಪರೀಕ್ಷೆ ಮಾಡುತ್ತಾರೆ. ಅಂಕೆ ಬಿಟ್ಟುಹೋಗಿದೆಯೇ ಎಂದು ನೋಡಲು ಸರಿ. ಭಾಷೆ ಚೆನ್ನಾಗಿದೆಯೇ ಎಂದು ನೋಡಲು ಬೇಡ. ಪದಕ್ಕೆ ಪದ ಇಟ್ಟ ಕನ್ನಡ ಸಲೀಸಾಗಿ ಇಂಗ್ಲಿಷಿಗೆ ವಾಪಸ್ ಹೋಗುತ್ತದೆ, ನಮ್ಮ ಮಾತಿನ ಕನ್ನಡ ಹಾಗೆ ಹೋಗುವುದಿಲ್ಲ. ಆ ಪರೀಕ್ಷೆಯನ್ನೇ ನಂಬಿದರೆ ಕೆಟ್ಟದ್ದಕ್ಕೆ ಹೆಚ್ಚು ಅಂಕ ಕೊಟ್ಟಂತಾಗುತ್ತದೆ. ಅದಕ್ಕಿಂತ, ಒಮ್ಮೆಯೂ ಓದಿರದ ಒಬ್ಬರಿಗೆ ಓದಿ ಹೇಳಿ ‘ಭಾನುವಾರ ಬೆಳಿಗ್ಗೆ ಏನು ಮಾಡ್ತೀರಿ?’ ಎಂದು ಕೇಳಿ. ‘ಅರ್ಥ ಆಯಿತಾ?’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಆಯಿತು ಎನ್ನುತ್ತಾರೆ.

‘ಅರ್ಥ ಆದರೆ ಸಾಕಲ್ಲ, ಇಷ್ಟೊಂದು ಯಾಕೆ?’ ಎನ್ನುವ ಗೆಳೆಯರೂ ಇದ್ದಾರೆ. ಇಂಗ್ಲಿಷ್ ಬಲ್ಲವರಿಗೆ ಯಂತ್ರದ ಕನ್ನಡ ಅರ್ಥವಾಗುತ್ತದೆ, ಏಕೆಂದರೆ ಅವರು ಅದರ ಹಿಂದಿನ ಇಂಗ್ಲಿಷನ್ನು ಓದುತ್ತಿರುತ್ತಾರೆ. ಕನ್ನಡ ಮಾತ್ರ ಬಲ್ಲ ತಾಯಂದಿರಿಗೆ ಆ ಸೌಲಭ್ಯ ಇಲ್ಲ. ಪ್ರಕಟಣೆ ಕನ್ನಡದಲ್ಲಿ ಹೊರಡುವುದು ಅವರಿಗಾಗಿಯೇ.

ಎಲ್ಲವನ್ನೂ ನಯ ಮಾಡಬೇಕೆಂದು ಮಾತ್ರ ನಾವು ಹೇಳುವುದಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮರು ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ, ತಾವು ಪದಕ್ಕೆ ಪದ ಇಡದೆ ಅರ್ಥಕ್ಕೆ ಅರ್ಥ ಇಡುತ್ತೇವೆ ಎಂದು ಒಪ್ಪಿಕೊಂಡು, ಪವಿತ್ರ ಗ್ರಂಥವನ್ನು ಮಾತ್ರ ಅದರಿಂದ ಹೊರಗಿಟ್ಟರು. ಅಲ್ಲಿ ಪದಗಳ ಕ್ರಮಕ್ಕೂ ಅರ್ಥವಿದೆ ಎಂದರು. ನಮ್ಮ ಶಿಬಿರದಲ್ಲಿಯೂ ಅಂಥದ್ದೊಂದಿದೆ, ರಕ್ತ ಕೊಡುವವರು ಸಹಿ ಹಾಕುವ ಒಪ್ಪಿಗೆ ಪತ್ರ. ಅದರ ಭಾಷೆ ಎಷ್ಟೇ ಒರಟಾಗಿದ್ದರೂ ನಾವು ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು ಬಾಯಲ್ಲಿ ಬಿಡಿಸಿ ಹೇಳುತ್ತೇವೆ, ಕಾಗದ ಬಂದಂತೆಯೇ ಇರುತ್ತದೆ.

ಇನ್ನೊಂದು ನಮ್ಮ ಗಡಿಯ ಮಾತು. ನಮ್ಮಲ್ಲಿ ಹಲವರು ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದಿದವರು. ತಿದ್ದುವಾಗ ಒಬ್ಬರು ಕೊನೆಯ ಸಾಲಿಗೆ ‘ಅವಸರ ಇದ್ದರೆ ನರ್ಸಮ್ಮನಿಗೆ ಹೇಳಿ’ ಎಂದು ಸೇರಿಸಿದ್ದರು. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ, ಕನ್ನಡದಲ್ಲಿ ‘ಅವಸರ’ ಎಂದರೆ ಗಡಿಬಿಡಿ. ಮಧುಗಿರಿ, ಪಾವಗಡದ ಕಡೆಯಿಂದ ಬಂದವರು ಅದನ್ನು ಕೇಳಿ, ಬೇಗ ಮನೆಗೆ ಹೋಗಬೇಕಾದವರು ಮೊದಲೇ ತಿಳಿಸಬೇಕು ಎಂದುಕೊಂಡರು. ಈಗ ಅಲ್ಲಿ ‘ಏನಾದರೂ ಬೇಕಾದರೆ’ ಎಂದಿದೆ. ತೆಲುಗು ಪ್ರಕಟಣೆಯನ್ನು ಈ ಕನ್ನಡದಿಂದ ತಿರುಗಿಸದೆ, ಇಂಗ್ಲಿಷನ್ನೇ ಮುಂದಿಟ್ಟುಕೊಂಡು ತೆಲುಗು ಮನೆಮಾತಿನ ಇಬ್ಬರು ಬೇರೆಯಾಗಿ ಬರೆಯುತ್ತಿದ್ದಾರೆ.